ನೀಲಿ ಸ್ಟೋಲ್‌ನ ವಿವರಣೆ: ಹಳೆಯದನ್ನು ಬಿಚ್ಚಿ ಹೊಸದು ಬರೆದದ್ದು

ಈ ಸಲ ಕೈಗೆತ್ತಿಕೊಂಡದ್ದು ಒಂದು ಇಂಡಿಗೋ ಸ್ಟೋಲ್‌ನ ವಿವರಣೆ. ಸ್ಟೋಲ್ ಮಾಡಿದ್ದು ನನ್ನ ಗೆಳತಿ. ತೆಳು ಹತ್ತಿ ಬಟ್ಟೆ, ಕಡು ನೀಲಿ, ಮೈತುಂಬ ಸಣ್ಣ ಬಿಳಿ ಚುಕ್ಕೆ. ಅವಳು ಮಾರಾಟಕ್ಕೆ ಇಟ್ಟಾಗ ಅದರ ಜೊತೆ ಹಾಕಿದ್ದ ಬರಹ ಹೀಗಿತ್ತು:

> ಪ್ರಕೃತಿಯ ಸೊಬಗನ್ನು ಹೊತ್ತು ತಂದಿರುವ, ಪ್ರೀತಿಯಿಂದ ಕೈಯಲ್ಲೇ ತಯಾರಿಸಲಾದ ಅನನ್ಯ ಸ್ಟೋಲ್. ನೂರಕ್ಕೆ ನೂರು ನೈಸರ್ಗಿಕ, ರಾಸಾಯನಿಕ ಮುಕ್ತ ಬಣ್ಣ. ಡ್ರೈ ಕ್ಲೀನ್ ಮಾತ್ರ. ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಸಿ. ಬಿಸಿಲಿಗೆ ಹಾಕಬಾರದು. ಮಷೀನ್‌ಗೆ ಹಾಕಬಾರದು. ಉಜ್ಜಬಾರದು. ಕೈಕೆಲಸವಾದ್ದರಿಂದ ವ್ಯತ್ಯಾಸ ಸಹಜ. ಬಣ್ಣ ಹೋದರೆ ನಾವು ಜವಾಬ್ದಾರರಲ್ಲ.

ಓದಿದರೆ ಎಲ್ಲವೂ ಇದ್ದಂತೆ ಕಾಣುತ್ತದೆ. ಆದರೂ ಕೊಂಡವರಿಂದ ಮತ್ತೆ ಮತ್ತೆ ಒಂದೇ ದೂರು ಬರುತ್ತಿತ್ತು: ಬಿಳಿ ಅಂಗಿಯ ಕಾಲರ್‌ಗೆ ನೀಲಿ ಹತ್ತಿತು, ಬಣ್ಣ ಕಳಪೆ. ಬಣ್ಣ ಕಳಪೆಯಲ್ಲ. ಕಡು ಇಂಡಿಗೋ ಹೊಸದರಲ್ಲಿ ಹಾಗೇ ಇರುತ್ತದೆ. ಅದನ್ನು ಬರಹ ಮೊದಲೇ ಹೇಳಬೇಕಿತ್ತು. ಹೇಳುವ ಬದಲು ಕೊನೆಯಲ್ಲಿ ಕೈ ತೊಳೆದುಕೊಂಡಿತ್ತು.

ಮೊದಲು ಬಿಚ್ಚಿ ನೋಡಿದ್ದು

ಹಳೆಯ ಬರಹದ ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಸಾಲಿಗೆ ಹಾಕಿದೆ. ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ: ಇದನ್ನು ಬೇರೆ ಯಾವುದಾದರೂ ವಸ್ತುವಿನ ಮೇಲೆ ಅಂಟಿಸಿದರೆ ನಡೆಯುತ್ತಾ? ‘ಪ್ರಕೃತಿಯ ಸೊಬಗು’ ಮಣ್ಣಿನ ಕಪ್‌ಗೂ ನಡೆಯುತ್ತದೆ, ಮರದ ಬಾಚಣಿಗೆಗೂ ನಡೆಯುತ್ತದೆ. ‘ಪ್ರೀತಿಯಿಂದ’, ‘ಅನನ್ಯ’ ಕೂಡ ಹಾಗೇ. ಇವನ್ನೆಲ್ಲ ತೆಗೆದ ಮೇಲೆ ಈ ಸ್ಟೋಲ್ ಬಗ್ಗೆ, ಇದೊಂದರ ಬಗ್ಗೆ, ಒಂದು ಮಾತೂ ಉಳಿಯಲಿಲ್ಲ. ಚುಕ್ಕೆಗಳು ಹೇಗೆ ಬಂದವು ಅಂತ ಎಲ್ಲೂ ಇಲ್ಲ. ಇಂಡಿಗೋ ಅನ್ನುವ ಹೆಸರೂ ಇಲ್ಲ.

ಎರಡನೇ ಗುಂಪು, ನಿಜವಲ್ಲದ ಸಾಲುಗಳು. ‘ರಾಸಾಯನಿಕ ಮುಕ್ತ’ ಅನ್ನುವುದು ಇಲ್ಲಿ ಸರಿಯಲ್ಲ. ಅವಳ ಬಣ್ಣದ ತೊಟ್ಟಿಯಲ್ಲಿ ಇಂಡಿಗೋ ಪುಡಿಯ ಜೊತೆ ಸುಣ್ಣ ಮತ್ತು ಫ್ರಕ್ಟೋಸ್, ಅಂದರೆ ಹಣ್ಣಿನ ಸಕ್ಕರೆ, ಇರುತ್ತದೆ. ತೂಕದಲ್ಲಿ ಒಂದು ಪಾಲು ಇಂಡಿಗೋ, ಎರಡು ಪಾಲು ಸುಣ್ಣ, ಮೂರು ಪಾಲು ಸಕ್ಕರೆ. ಸುಣ್ಣವೂ ರಾಸಾಯನಿಕವೇ ಅಲ್ವಾ? ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ. ಆದರೆ ಇಲ್ಲ ಅಂತ ಹೇಳುವ ಹಾಗಿಲ್ಲ. ‘ಡ್ರೈ ಕ್ಲೀನ್ ಮಾತ್ರ’ ಅನ್ನುವುದು ಅವಳು ಮಾಡುವ ಒಂದು ರೇಷ್ಮೆ ಶಾಲಿನ ಬರಹದಿಂದ ಬಂದ ಸಾಲು. ಹತ್ತಿ ಸ್ಟೋಲ್‌ಗೆ ಅದು ಬೇಕಿಲ್ಲ. ಮೇಲಾಗಿ, ಡ್ರೈ ಕ್ಲೀನ್ ಮಾತ್ರ ಅಂದ ಮರುಸಾಲಲ್ಲೇ ಉಪ್ಪು ನೀರಲ್ಲಿ ನೆನೆಸಿ ಅಂದರೆ ಓದುವವರು ಯಾವುದನ್ನು ನಂಬಬೇಕು?

ಉಪ್ಪು ನೀರಿನ ಮಾತು ಮಾತ್ರ ಅಷ್ಟು ಸುಲಭವಾಗಿ ತೆಗೆದುಹಾಕುವಂಥದ್ದಲ್ಲ. ಉಪ್ಪು ಬಣ್ಣವನ್ನು ಹಿಡಿದಿಡುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಹಾಗಾಗಿ ಅದನ್ನು ಪರೀಕ್ಷೆಗೆ ಎತ್ತಿಟ್ಟೆ.

ಮಾಡುವವಳ ಪಕ್ಕ ಕೂತು ಕೇಳಿದ್ದು

‘ನೀನು ಇದನ್ನು ಹೇಗೆ ಮಾಡುತ್ತೀಯ ಹೇಳು’ ಅಂತ ಕೇಳಿದರೆ ಯಾವ ಕುಶಲಕರ್ಮಿಯೂ ಸರಿಯಾಗಿ ಹೇಳುವುದಿಲ್ಲ. ಮೊದಲಿಂದ ಕೊನೆಯವರೆಗೆ ಪಟ್ಟಿ ಒಪ್ಪಿಸುತ್ತಾರೆ. ಅದಕ್ಕೇ ಅವಳು ತೊಟ್ಟಿಯ ಮುಂದೆ ಕೆಲಸ ಮಾಡುವಾಗಲೇ ಹೋಗಿ ಕೂತು, ಕೈ ಏನು ಮಾಡುತ್ತಿದೆಯೋ ಅದರ ಬಗ್ಗೆ ಮಾತ್ರ ಕೇಳಿದೆ.

ದಾರ ಸುತ್ತಿ ಗಂಟು ಹಾಕಿದ ಬಟ್ಟೆಯನ್ನು ಅವಳು ಒದ್ದೆ ಮಾಡಿ, ಹಿಂಡಿ, ತೊಟ್ಟಿಯೊಳಗೆ ನಿಧಾನಕ್ಕೆ ಇಳಿಸಿದಳು. ನೀರು ಕಲಕಬಾರದು, ಗಾಳಿಯ ಗುಳ್ಳೆ ಒಳಗೆ ಹೋಗಬಾರದು. ತೊಟ್ಟಿಯ ನೀರು ನೀಲಿ ಇರಲಿಲ್ಲ, ಹಳದಿ ಮಿಶ್ರಿತ ಹಸಿರು. ಇಂಡಿಗೋ ಸುಮ್ನೆ ನೀರಲ್ಲಿ ಕರಗುವುದಿಲ್ಲ. ಸುಣ್ಣ, ಸಕ್ಕರೆ ಸೇರಿ ಅದನ್ನು ಬೇರೆ ರೂಪಕ್ಕೆ ತಂದ ಮೇಲೆ ಮಾತ್ರ ಕರಗುತ್ತದೆ, ಆಗ ನೀಲಿ ಹೋಗುತ್ತದೆ. ಕೆಲವು ನಿಮಿಷ ಬಿಟ್ಟು ಬಟ್ಟೆಯನ್ನು ಮೇಲೆತ್ತಿದಳು. ಹಸಿರಾಗಿತ್ತು. ಬಿಡಿಸಿ ಗಾಳಿಗೆ ಹಿಡಿದಳು. ಅಂಚಿನಿಂದ ಶುರುವಾಗಿ, ನೋಡನೋಡುತ್ತಲೇ ಇಡೀ ಬಟ್ಟೆ ನೀಲಿಗೆ ತಿರುಗಿತು. ಗಾಳಿಯ ಆಮ್ಲಜನಕ ತಾಗಿದಾಗ ಇಂಡಿಗೋ ಮತ್ತೆ ಕರಗದ ನೀಲಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.

“ಇನ್ನೂ ಎಷ್ಟು ಸಲ?” ಅಂದೆ.

“ಈ ಕಡು ನೀಲಿಗೆ ಎಂಟು. ಒಂದೇ ಸಲ ಜಾಸ್ತಿ ಹೊತ್ತು ಬಿಟ್ರೆ ಈ ಬಣ್ಣ ಬರಲ್ಲ ಕಣೇ. ಮುಳುಗಿಸಬೇಕು, ಗಾಳಿಗೆ ಹಿಡೀಬೇಕು, ಮತ್ತೆ ಮುಳುಗಿಸಬೇಕು. ಗೋಡೆಗೆ ಸುಣ್ಣ ಬಳಿದ ಹಾಗೆ, ಪದರದ ಮೇಲೆ ಪದರ. ಆ ಗೋಡೆಗೆ ಒರಗಿದ್ರೆ ಬೆನ್ನಿಗೆ ಬಿಳಿ ಹತ್ತಲ್ವಾ? ಇದೂ ಹಂಗೇ.”

ನನಗೆ ಬೇಕಾಗಿದ್ದ ಮಾತು ಇಲ್ಲೇ ಸಿಕ್ಕಿತು. ಕಾಲರ್‌ಗೆ ನೀಲಿ ಯಾಕೆ ಹತ್ತುತ್ತದೆ ಅನ್ನುವುದಕ್ಕೆ ಉತ್ತರ, ಬಣ್ಣ ಹಾಕುವ ರೀತಿಯಲ್ಲೇ ಇದೆ. ಹಾಗಾದರೆ ಎಂಟು ಮುಳುಗಿನ ಕಥೆ ಬರಹದಲ್ಲಿ ಇರಲೇಬೇಕು. ಅದು ಅಂದಕ್ಕೆ ಹೇಳುವ ಕಥೆಯಲ್ಲ. ಒಗೆಯುವ ಸೂಚನೆಗೆ ಅದೇ ಕಾರಣ.

ಆಮೇಲೆ ಇನ್ನೆರಡು ಪ್ರಶ್ನೆ ಕೇಳಿದೆ. ಯಾವ ಕೈಕೆಲಸದವರನ್ನಾದರೂ ಈ ಎರಡು ಕೇಳಿ, ಆರೈಕೆಯ ಸಾಲುಗಳು ತಾವಾಗೇ ಬರುತ್ತವೆ. ಒಂದು, ನಿನ್ನ ಸ್ವಂತ ಸ್ಟೋಲ್ ನೀನು ಹೇಗೆ ಒಗೆಯುತ್ತೀಯ? “ಬಕೆಟ್‌ನಲ್ಲಿ ತಣ್ಣೀರು, ಸ್ವಲ್ಪ ಮೆದು ಸೋಪು, ಎರಡು ಸಲ ಅದ್ದಿ ತೆಗೀತೀನಿ, ನೆರಳಲ್ಲಿ ಹಾಕ್ತೀನಿ, ಅಷ್ಟೇ.” ಎರಡು, ಕೊಂಡವರು ಏನು ಮಾಡಿದರೆ ನಿನಗೆ ಹೊಟ್ಟೆ ಉರಿಯುತ್ತೆ? ಅವಳು ಯೋಚನೆ ಮಾಡಲೇ ಇಲ್ಲ. “ಬ್ಲೀಚ್. ಆಮೇಲೆ, ಒಗೆದು ಒದ್ದೆಯಾಗಿದ್ದಾಗಲೇ ಮುದ್ದೆ ಮಾಡಿ ಬಿಟ್ಟುಬಿಡೋದು. ಬಿಳಿ ಚುಕ್ಕೆಗೆಲ್ಲ ನೀಲಿ ಅಂಟಿಬಿಡುತ್ತೆ.”

ಒದ್ದೆ ಮುದ್ದೆಯ ಮಾತು ಹಳೆಯ ಬರಹದಲ್ಲಿ ಇರಲೇ ಇಲ್ಲ ಅನ್ನುವುದನ್ನು ಗಮನಿಸಿ. ಸಾಮಾನ್ಯ ಬಟ್ಟೆಯ ಸೂಚನೆಗಳಲ್ಲಿ ಅದು ಸಿಗುವುದೂ ಇಲ್ಲ.

ಬಿಳಿ ಬಟ್ಟೆಯ ಪರೀಕ್ಷೆ

ಬರಹದಲ್ಲಿ ಏನು ಹೇಳಿದರೂ ಅದು ಈ ಸ್ಟೋಲ್ ಮೇಲೆ ನಿಜವಾಗಬೇಕು. ಅವಳಿಂದ ಅದೇ ತೊಟ್ಟಿಯಲ್ಲಿ, ಅಷ್ಟೇ ಸಲ ಮುಳುಗಿಸಿದ ತುಂಡು ಬಟ್ಟೆ ತಂದೆ.

ಜವಳಿ ಪ್ರಯೋಗಾಲಯಗಳಲ್ಲಿ ಉಜ್ಜಿದರೆ ಬಣ್ಣ ಎಷ್ಟು ಹತ್ತುತ್ತದೆ ಅಂತ ನೋಡಲು ಐಎಸ್‌ಒ 105-ಎಕ್ಸ್12 ಅನ್ನುವ ಪರೀಕ್ಷೆ ಇದೆ. ಬಿಳಿ ಹತ್ತಿ ಬಟ್ಟೆಯನ್ನು ಬಣ್ಣದ ಬಟ್ಟೆಯ ಮೇಲೆ ಒಂದೇ ಒತ್ತಡದಲ್ಲಿ 10 ಸಲ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ, ಒಮ್ಮೆ ಒಣಗಿದ್ದು, ಒಮ್ಮೆ ಒದ್ದೆಯದು. ಬಿಳಿ ಬಟ್ಟೆಗೆ ಹತ್ತಿದ ಕಲೆಗೆ 1ರಿಂದ 5ರವರೆಗೆ ಅಂಕ. 5 ಅಂದರೆ ಏನೂ ಹತ್ತಿಲ್ಲ. ಮನೆಯಲ್ಲಿ ಅಂಕ ಕೊಡುವ ಹಾಗಿಲ್ಲ, ಒತ್ತಡ ಅಳೆಯುವ ಯಂತ್ರವೂ ಇರುವುದಿಲ್ಲ. ಆದರೆ ಒಂದು ತುಂಡನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸುವುದಕ್ಕೆ ಬೆರಳಿಗೆ ಸುತ್ತಿದ ಬಿಳಿ ಬಟ್ಟೆ ಸಾಕು.

ಒಣ ಬಟ್ಟೆಗೆ ತೆಳುವಾಗಿ ನೀಲಿ ಹತ್ತಿತು, ಬೆಳಕಿಗೆ ಹಿಡಿದರೆ ಕಾಣುವಷ್ಟು. ಒದ್ದೆ ಬಟ್ಟೆಗೆ ಎದ್ದು ಕಾಣುವ ಹಾಗೆ ಹತ್ತಿತು. ಹಾಗಾಗಿ ಬರಹದಲ್ಲಿ ‘ಬಣ್ಣ ಹತ್ತುತ್ತದೆ’ ಅಂದರೆ ಸಾಲದು, ‘ಒದ್ದೆಯಾದಾಗ ಜಾಸ್ತಿ’ ಅನ್ನಬೇಕು. ಮಳೆಯಲ್ಲಿ ನೆನೆದಾಗ, ಬೆವರಿದಾಗ ಕಾಲರ್‌ಗೆ ಹತ್ತುವುದು ಇದೇ.

ಇನ್ನು ಉಪ್ಪು. ವಿನೆಗರ್ ಕೂಡ ಬಣ್ಣ ನಿಲ್ಲಿಸುತ್ತದೆ ಅನ್ನುವವರಿದ್ದಾರೆ, ಹಾಗಾಗಿ ಅದನ್ನೂ ಸೇರಿಸಿಕೊಂಡೆ. ಅದೇ ತುಂಡನ್ನು ಕತ್ತರಿಸಿ ಒಂದು ಭಾಗವನ್ನು ಬರೀ ತಣ್ಣೀರಲ್ಲಿ, ಇನ್ನೊಂದನ್ನು ಉಪ್ಪು ನೀರಲ್ಲಿ, ಮತ್ತೊಂದನ್ನು ವಿನೆಗರ್ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿದೆ. ತೊಳೆದು, ಒಣಗಿಸಿ, ಮತ್ತೆ ಉಜ್ಜಿದೆ. ಮೂರಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಇರಬೇಕಾದ ಕಾರಣವೂ ಇಲ್ಲ. ನೀರಲ್ಲಿ ಕರಗುವ ಕೆಲವು ಬಣ್ಣಗಳಿಗೆ ಅದ್ದುವಾಗ ಉಪ್ಪು ಹಾಕುತ್ತಾರೆ, ಅದು ಬಣ್ಣವನ್ನು ನೂಲಿನ ಕಡೆಗೆ ತಳ್ಳುತ್ತದೆ. ಇಂಡಿಗೋ ಗಾಳಿಗೆ ಒಡ್ಡಿದ ಕೂಡಲೇ ಕರಗದ ರೂಪಕ್ಕೆ ಬಂದಿರುತ್ತದೆ. ಆಮೇಲೆ ಉಪ್ಪು ಹಿಡಿದಿಡುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ವಿನೆಗರ್ ಮಾತು ಎಲ್ಲಿಂದ ಬಂದಿರಬಹುದು ಅಂತ ಅವಳ ಕೆಲಸ ನೋಡಿದಾಗ ಗೊತ್ತಾಯಿತು. ಕೊನೆಯ ಮುಳುಗು ಆದ ಮೇಲೆ ಬಟ್ಟೆಯಲ್ಲಿ ಉಳಿದ ಸುಣ್ಣದ ಖಾರ ತೆಗೆಯಲು ಅವಳು ಸ್ವಲ್ಪ ವಿನೆಗರ್ ಹಾಕಿದ ನೀರಲ್ಲಿ ಅದ್ದುತ್ತಾಳೆ. ಅದು ಸುಣ್ಣಕ್ಕೆ, ಬಣ್ಣ ನಿಲ್ಲಿಸುವುದಕ್ಕಲ್ಲ.

ನಿಜವಾಗಿ ಸಹಾಯ ಮಾಡುವುದು ಅವಳ ಕಡೆಯ ತೊಳೆತ. ಮೇಲೆ ಸುಮ್ನೆ ಕೂತಿರುವ ಬಣ್ಣ ಹೋಗುವವರೆಗೆ ಬಿಸಿ ನೀರು, ಸೋಪು ಹಾಕಿ ತೊಳೆಯುವುದು. ಅದು ಅವಳ ತೊಟ್ಟಿಯ ಪಕ್ಕದಲ್ಲೇ ಮುಗಿಯಬೇಕಾದ ಕೆಲಸ, ಕೊಂಡವರ ಮೇಲೆ ಹೊರಿಸುವಂಥದ್ದಲ್ಲ. ಇದನ್ನು ಅವಳಿಗೆ ಹೇಳಿದೆ, ಒಪ್ಪಿದಳು. ಈಗ ಕೊನೆಯ ತೊಳೆತ ಒಂದು ಸಲ ಜಾಸ್ತಿ ಮಾಡುತ್ತಾಳೆ. ಬರಹ ತಿದ್ದಲು ಹೊರಟರೆ ಕೆಲವು ಸಲ ವಸ್ತುವನ್ನೇ ತಿದ್ದಬೇಕಾಗುತ್ತದೆ.

ಮೊದಲ ಕರಡು, ಮತ್ತು ಕತ್ತರಿ

ಕರಡು ಉದ್ದವಾಯಿತು. ಬಟ್ಟೆಯನ್ನು ಮೊದಲು ಸೋಡಾ ಹಾಕಿ ಕುದಿಸಿ ಎಣ್ಣೆ ಜಿಡ್ಡು ತೆಗೆಯುವುದು, ತೊಟ್ಟಿಯ ಪಾಲು ಲೆಕ್ಕ, ತೊಟ್ಟಿಯ ಮೇಲೆ ತೇಲುವ ತಾಮ್ರ ಬಣ್ಣದ ಕೆನೆ, ನೀರು ಕಲಕದ ಎಚ್ಚರ, ವಿನೆಗರ್ ತೊಳೆತ, ಎಲ್ಲವೂ ಬಂದಿದ್ದವು. ಒಂದೊಂದೂ ಚೆಂದದ ವಿಷಯ. ಆದರೆ ಕೊಳ್ಳುವವರು ಅಷ್ಟು ಓದುವುದಿಲ್ಲ, ಓದಬೇಕಾಗಿಯೂ ಇಲ್ಲ.

ಕತ್ತರಿಸಲು ಒಂದು ಅಳತೆಗೋಲು ಇಟ್ಟುಕೊಂಡೆ. ಮಾಡುವ ರೀತಿಯ ಯಾವ ವಿವರ ಕಣ್ಣಿಗೆ ಕಾಣುವ ಏನನ್ನಾದರೂ ವಿವರಿಸುತ್ತದೋ, ಅಥವಾ ಆರೈಕೆಯ ಒಂದು ಸಾಲಿಗೆ ಕಾರಣ ಕೊಡುತ್ತದೋ, ಅದು ಉಳಿಯಲಿ. ಎರಡೂ ಮಾಡದಿದ್ದರೆ ಹೋಗಲಿ. ದಾರದ ಗಂಟು ಉಳಿಯಿತು, ಯಾಕೆಂದರೆ ಬಿಳಿ ಚುಕ್ಕೆ ಕಣ್ಣ ಮುಂದೆ ಇದೆ. ಎಂಟು ಮುಳುಗು ಉಳಿಯಿತು, ಯಾಕೆಂದರೆ ಬಣ್ಣ ಹತ್ತುವುದಕ್ಕೆ ಅದೇ ಕಾರಣ. ಸೋಡಾ ಕುದಿತ, ಪಾಲು ಲೆಕ್ಕ, ಕೆನೆ ಹೋದವು. ಹಸಿರು ನೀಲಿಯಾಗುವುದು ಈ ಅಳತೆಗೆ ಪೂರ್ತಿ ಹೊಂದುವುದಿಲ್ಲ. ಆದರೂ ಒಂದು ಚಿಕ್ಕ ವಾಕ್ಯವಾಗಿ ಇಟ್ಟುಕೊಂಡೆ. ಅದನ್ನು ಓದಿದವರಿಗೆ ಬಣ್ಣ ಗಾಳಿಯಲ್ಲಿ ಹುಟ್ಟಿದ್ದು ಅಂತ ಗೊತ್ತಾಗುತ್ತದೆ, ಪದರದ ಮಾತು ಆಗ ಸಲೀಸಾಗಿ ಒಳಗಿಳಿಯುತ್ತದೆ.

ಬೆಚ್ಚಗಿನ ದನಿಗೆ ಬೇರೆ ವಿಶೇಷಣ ಹುಡುಕುವ ಅಗತ್ಯ ಬೀಳಲಿಲ್ಲ. ‘ತಯಾರಿಸಲಾಗಿದೆ’, ‘ಅದ್ದಲಾಗುತ್ತದೆ’ ಇದ್ದ ಕಡೆಯೆಲ್ಲ ‘ಕಟ್ಟಿದ್ದೇನೆ’, ‘ಮುಳುಗಿಸಿದ್ದೇನೆ’ ಅಂತ ಮಾಡಿದೆ. ಅಷ್ಟಕ್ಕೇ ಸಾಲಿನೊಳಗೆ ಒಬ್ಬ ಮನುಷ್ಯಳು ಬಂದಳು. ‘ಬಾರದು, ಬಾರದು’ ಅಂತ ಸಾಲು ಹಚ್ಚಿದ್ದ ಕಡೆ, ಏನು ಮಾಡಬೇಕು ಅನ್ನುವುದನ್ನು ಬರೆದೆ. ಮಾಡಬೇಡಿ ಅನ್ನುವುದನ್ನು ಒಂದೇ ಒಂದು ವಿಷಯಕ್ಕೆ, ಬ್ಲೀಚ್‌ಗೆ, ಉಳಿಸಿಕೊಂಡೆ. ಕ್ಲೋರಿನ್ ಬ್ಲೀಚ್ ಇಂಡಿಗೋವನ್ನು ಒಡೆದುಹಾಕುತ್ತದೆ, ಅಲ್ಲಿಂದ ಹಿಂದಕ್ಕೆ ದಾರಿ ಇಲ್ಲ. ಹತ್ತು ಬೇಡಗಳ ನಡುವೆ ಇದ್ದರೆ ಈ ಒಂದು ಬೇಡ ಯಾರ ಕಣ್ಣಿಗೂ ಬೀಳುವುದಿಲ್ಲ.

‘ನಾವು ಜವಾಬ್ದಾರರಲ್ಲ’ ಅನ್ನುವ ಸಾಲಿನ ಬಗ್ಗೆ ಸ್ವಲ್ಪ ವಾದ ನಡೆಯಿತು. ಅವಳಿಗೆ ಅದು ರಕ್ಷಣೆ ಅನ್ನಿಸಿತ್ತು. ನನ್ನ ಅಭಿಪ್ರಾಯದಲ್ಲಿ ಬಣ್ಣ ಹತ್ತುತ್ತದೆ, ಯಾವಾಗ ಹತ್ತುತ್ತದೆ, ಏನು ಮಾಡಬೇಕು ಅಂತ ಮೊದಲೇ ಹೇಳಿದರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಗೊತ್ತಿದ್ದು ಕೊಂಡವರು ದೂರುವುದಿಲ್ಲ. ಸಾಲು ತೆಗೆದೆವು.

ಒಗೆಯಲು ಕೊಟ್ಟು ನೋಡಿದ್ದು

ಕರಡು ಚಿಕ್ಕದಾದ ಮೇಲೆ, ಸ್ಟೋಲ್ ಮತ್ತು ಬರಹ ಎರಡನ್ನೂ ಈ ಕೆಲಸದ ಗಂಧಗಾಳಿ ಇಲ್ಲದ ಒಬ್ಬರ ಕೈಗೆ ಕೊಟ್ಟೆ. ಓದಿ ಹೇಗಿದೆ ಹೇಳಿ ಅನ್ನಲಿಲ್ಲ, ಓದಿ ಇದನ್ನು ಒಗೆಯಿರಿ ಅಂದೆ. ಚೆನ್ನಾಗಿದೆ ಅನ್ನುವುದು ಸುಲಭ. ಬಕೆಟ್ ಮುಂದೆ ನಿಂತಾಗ ಮಾತ್ರ ನಿಜವಾದ ಅನುಮಾನ ಹೊರಬೀಳುತ್ತದೆ.

ಆಗ ಕರಡಿನಲ್ಲಿ ‘ಮೊದಲ ಕೆಲವು ಸಲ ಬೇರೆಯಾಗಿ ಒಗೆಯಿರಿ’ ಅಂತ ಇತ್ತು. ಅವರು ಕೇಳಿದ್ದು: “ಕೆಲವು ಅಂದ್ರೆ ಎಷ್ಟು? ಮೂರಾ, ಹತ್ತಾ?” ಇದಕ್ಕೆ ಒಂದು ಸಂಖ್ಯೆ ಕೊಡುವುದು ಸರಿಯಲ್ಲ. ನೀರು, ಸೋಪು, ಒಗೆಯುವ ಕೈ ಮೇಲೆ ಅದು ಬದಲಾಗುತ್ತದೆ. ಹಾಗಾಗಿ ಸಂಖ್ಯೆಯ ಜಾಗದಲ್ಲಿ ಕಣ್ಣಿಗೆ ಕಾಣುವ ಗುರುತು ಹಾಕಿದೆ: ಒಗೆದ ನೀರು ತಿಳಿಯಾಗುವವರೆಗೆ. ‘ಮೆದು ಸೋಪು’ ಬಗ್ಗೆಯೂ ಕೇಳಿದರು. ಬಿಳುಪಿಗೆ ಅಂತ ಮಾರುವ ಕೆಲವು ಪುಡಿಗಳಲ್ಲಿ ಬ್ಲೀಚ್ ಇರುತ್ತದೆ ಅನ್ನುವುದು ಎಲ್ಲರಿಗೂ ಹೊಳೆಯುವುದಿಲ್ಲ. ಅದಕ್ಕೆ ಬ್ಲೀಚ್ ಸಾಲಿಗೆ ‘ಬಿಳುಪಿನ ಪುಡಿ’ ಸೇರಿಸಿದೆ.

ಇನ್ನೊಂದು ಅನುಮಾನ ನನಗೆ ಹೊಳೆದೇ ಇರಲಿಲ್ಲ. ಗಂಟು ಬಿಚ್ಚಿದ ಜಾಗದಲ್ಲಿ ಬಟ್ಟೆ ಸಣ್ಣಗೆ ಉಬ್ಬಿ ಸುಕ್ಕಾಗಿರುತ್ತದೆ. ಅದನ್ನು ಇಸ್ತ್ರಿ ಮಾಡಿ ಸರಿಪಡಿಸಬೇಕೋ ಅಂತ ಕೇಳಿದರು. ಗೆಳತಿಯನ್ನು ವಿಚಾರಿಸಿದರೆ, ಇಸ್ತ್ರಿ ಮಾಡಿದರೆ ಬಟ್ಟೆಗೆ ಏನೂ ಆಗುವುದಿಲ್ಲ, ಉಬ್ಬು ಮಾತ್ರ ಹೋಗುತ್ತದೆ, ಅದು ಅವರವರ ಇಷ್ಟ ಅಂದಳು. ಅದಕ್ಕೂ ಒಂದು ಸಾಲು ಬಂತು.

ಈಗ ಇರುವ ಬರಹ

> ಈ ಸ್ಟೋಲ್‌ನ ಒಂದೊಂದು ಬಿಳಿ ಚುಕ್ಕೆಯೂ ನಾನು ದಾರ ಬಿಗಿದು ಕಟ್ಟಿದ ಗಂಟಿನ ಜಾಗ. ಕಟ್ಟಿದ ಬಟ್ಟೆಯನ್ನು ಇಂಡಿಗೋ ತೊಟ್ಟಿಯಲ್ಲಿ ಎಂಟು ಸಲ ಮುಳುಗಿಸಿ, ಪ್ರತಿ ಸಲವೂ ಗಾಳಿಗೆ ಹಿಡಿದಿದ್ದೇನೆ. ತೊಟ್ಟಿಯಿಂದ ಹಸಿರಾಗಿ ಬರುವ ಬಟ್ಟೆ ಗಾಳಿಯಲ್ಲಿ ನೀಲಿಯಾಗುತ್ತದೆ.
>
> ಈ ನೀಲಿ ನೂಲಿನ ಮೇಲೆ ಪದರ ಪದರವಾಗಿ ಕೂತಿರುವುದರಿಂದ ಹೊಸದರಲ್ಲಿ ಸ್ವಲ್ಪ ಉಜ್ಜಿ ಹತ್ತುತ್ತದೆ, ಒದ್ದೆಯಾದಾಗ ಇನ್ನೂ ಜಾಸ್ತಿ. ಮೊದಮೊದಲು ಕಡು ಬಣ್ಣದ ಉಡುಪಿನ ಮೇಲೆ ಹೊದ್ದುಕೊಳ್ಳಿ. ತಣ್ಣೀರು, ಮೆದು ಸೋಪಿನಲ್ಲಿ ಕೈಯಲ್ಲಿ ಒಗೆಯಿರಿ. ಒಗೆದ ನೀರು ತಿಳಿಯಾಗುವವರೆಗೆ ಇದೊಂದನ್ನೇ ಬೇರೆಯಾಗಿ ಒಗೆಯಿರಿ. ಒಗೆದ ಕೂಡಲೇ ಬಿಡಿಸಿ ನೆರಳಲ್ಲಿ ಹರವಿದರೆ ಚುಕ್ಕೆಗಳು ಬಿಳಿಯಾಗಿಯೇ ಉಳಿಯುತ್ತವೆ. ಬ್ಲೀಚ್, ಬಿಳುಪಿನ ಪುಡಿ ಮಾತ್ರ ಖಂಡಿತ ಬೇಡ.
>
> ಗಂಟಿನ ಉಬ್ಬು ನಿಮಗಿಷ್ಟವಾದರೆ ಇಸ್ತ್ರಿ ಬೇಕಿಲ್ಲ, ಸಪಾಟಾಗಿ ಬೇಕಾದರೆ ಮಾಡಿ.

ಅಳತೆ, ಬಟ್ಟೆಯ ಹೆಸರು ಇವನ್ನು ಕೆಳಗೆ ಬೇರೆ ಸಾಲಿನಲ್ಲಿ ಇಟ್ಟೆವು. ಬರಹದ ನಡುವೆ ತುರುಕಿದರೆ ಓಟ ಕೆಡುತ್ತದೆ.

ಸ್ಟೋಲ್‌ಗೆ ಕಟ್ಟುವ ಚೀಟಿಗೆ ಇಷ್ಟು ಬೇಡ. ಚೀಟಿ ಓದುವವರು ಆಗಲೇ ಕೊಂಡಿದ್ದಾರೆ, ಬಹುಶಃ ಬಕೆಟ್ ಪಕ್ಕದಲ್ಲೇ ನಿಂತಿದ್ದಾರೆ. ಅಲ್ಲಿ ಮೂರು ಸಾಲು ಸಾಕು:

> ತಣ್ಣೀರು, ಮೆದು ಸೋಪು, ಬೇರೆಯಾಗಿ ಕೈಯಲ್ಲಿ ಒಗೆಯಿರಿ.
> ಕೂಡಲೇ ಬಿಡಿಸಿ ನೆರಳಲ್ಲಿ ಹರವಿ. ಬ್ಲೀಚ್ ಬೇಡ.
> ಎಂಟು ಪದರದ ನೀಲಿ, ಹೊಸದರಲ್ಲಿ ಸ್ವಲ್ಪ ಹತ್ತುತ್ತದೆ.

ತಿಳಿ ನೀಲಿಗೆ ಬೇರೆ ಬರಹ

ಅವಳು ಇದೇ ಸ್ಟೋಲನ್ನು ತಿಳಿ ನೀಲಿಯಲ್ಲೂ ಮಾಡುತ್ತಾಳೆ. ಬರಹವನ್ನು ಹಾಗೇ ನಕಲು ಮಾಡಿ ಎಂಟು ಇದ್ದ ಕಡೆ ಎರಡು ಅಂತ ಹಾಕಿದರೆ ಆಯಿತಲ್ಲ ಅಂದಳು. ಆಗುವುದಿಲ್ಲ. ಎರಡು ಮುಳುಗಿನ ಬಟ್ಟೆಯ ತುಂಡು ತಂದು ಉಜ್ಜಿ ನೋಡಿದೆ. ಒಣಗಿದ್ದಾಗ ಏನೂ ಹತ್ತಲಿಲ್ಲ, ಒದ್ದೆಯಾದಾಗ ಇದೆಯೋ ಇಲ್ಲವೋ ಅನ್ನುವಷ್ಟು. ಕಡು ಬಣ್ಣದ ಉಡುಪಿನ ಮೇಲೆ ಹೊದೆಯಿರಿ ಅನ್ನುವ ಮಾತು ಇಲ್ಲಿ ಸುಮ್ನೆ ಹೆದರಿಸಿದ ಹಾಗಾಗುತ್ತದೆ. ತಿಳಿ ನೀಲಿಯ ಕಷ್ಟ ಬೇರೆ. ಅದರಲ್ಲಿ ಬಣ್ಣವೇ ಕಡಿಮೆ, ಬಿಸಿಲು ಬೇಗ ತಿನ್ನುತ್ತದೆ. ಕಿಟಕಿಯ ಬಳಿ ಮಡಚಿ ಇಟ್ಟರೆ ಮಡಿಕೆಯ ಅಂಚಿನಲ್ಲಿ ಗೆರೆ ಬೀಳುತ್ತದೆ. ಹಾಗಾಗಿ ಆ ಬರಹದಲ್ಲಿ ಬಣ್ಣ ಹತ್ತುವ ಸಾಲನ್ನು ತೆಗೆದು ಆ ಜಾಗಕ್ಕೆ ಹೀಗೆ ಬರೆದೆ: “ಎರಡೇ ಮುಳುಗಿನ ತೆಳು ನೀಲಿ ಇದು, ಬಿಸಿಲಿಗೆ ಬೇಗ ಮಾಸುತ್ತದೆ. ನೆರಳಲ್ಲಿ ಒಣಗಿಸಿ, ಕಪಾಟಿನೊಳಗೆ ಇಡಿ, ಆಗಾಗ ಮಡಿಕೆ ಬದಲಿಸಿ.” ಮಿಕ್ಕದ್ದರಲ್ಲಿ ಗಂಟಿನ ಸಾಲು, ಇಸ್ತ್ರಿಯ ಸಾಲು, ಬ್ಲೀಚ್ ಸಾಲು ಹಾಗೇ ಉಳಿದವು.

ನಡುವಿನ ಬಣ್ಣದ್ದು, ಐದು ಮುಳುಗಿನದ್ದು, ಇನ್ನೂ ಬಾಕಿ ಇದೆ. ಅದರ ತುಂಡು ಬಟ್ಟೆ ಒಣಗುತ್ತಿದೆ. ಉಜ್ಜಿ ನೋಡಿದ ಮೇಲೆ ಯಾವ ಸಾಲು ಹಾಕಬೇಕು ಅಂತ ತೀರ್ಮಾನಿಸುತ್ತೇನೆ.